ಮೊಬೈಲ್ ಬ್ರೌಸರಿನ ಕುಕೀಗಳನ್ನು ಆಗಾಗ ಪೂರ್ತಿ ಅಳಿಸಬೇಕೇ?

ಪರ: ತಡೆದರಷ್ಟೇ ಸಾಲದು, ಅಳಿಸಲೂ ಬೇಕು

ಒಬ್ಬರು ನಿದ್ರಾಹೀನತೆಯ ಬಗ್ಗೆ ಒಂದು ಆರೋಗ್ಯ ತಾಣದಲ್ಲಿ ಲೇಖನ ಓದುತ್ತಾರೆ ಎಂದುಕೊಳ್ಳೋಣ. ಆ ಪುಟದಲ್ಲಿ ತಾಣದ ಬರಹದ ಜೊತೆಗೆ ಒಂದು ಜಾಹೀರಾತು ಸಂಸ್ಥೆಯ ಸಣ್ಣ ಸ್ಕ್ರಿಪ್ಟ್ ಕೂಡ ಕುಳಿತಿರುತ್ತದೆ. ಪುಟ ತೆರೆದುಕೊಳ್ಳುವಾಗ ಬ್ರೌಸರು ಆ ಸಂಸ್ಥೆಯ ಸರ್ವರನ್ನೂ ಸಂಪರ್ಕಿಸುತ್ತದೆ. ಅಲ್ಲಿಂದ ಬರುವ ಉತ್ತರದಲ್ಲಿ ಇಂಥದೊಂದು ಸಾಲಿರುತ್ತದೆ:

```
Set-Cookie: uid=7f3a91; Max-Age=31536000; SameSite=None; Secure
```

‘ಈ ಗುರುತನ್ನು ಒಂದು ವರ್ಷ ಇಟ್ಟುಕೋ, ಯಾವ ತಾಣದಲ್ಲಿದ್ದಾಗಲೂ ನನಗೆ ಹಿಂದಿರುಗಿಸು’ ಎಂಬುದು ಇದರ ತಾತ್ಪರ್ಯ. ಬ್ರೌಸರು ಹೀಗೆ ಇಟ್ಟುಕೊಳ್ಳುವ ಗುರುತೇ ಕುಕೀ. ಸ್ವಲ್ಪ ಹೊತ್ತಿನ ನಂತರ ಅದೇ ಓದುಗರು ಉದ್ಯೋಗ ಹುಡುಕುವ ತಾಣಕ್ಕೆ ಹೋಗುತ್ತಾರೆ. ಅಲ್ಲಿಯೂ ಅದೇ ಸ್ಕ್ರಿಪ್ಟ್ ಇದ್ದರೆ ಬ್ರೌಸರು 7f3a91 ಎಂಬ ಗುರುತನ್ನು ತಾನಾಗಿಯೇ ಒಪ್ಪಿಸುತ್ತದೆ. ಸಂಸ್ಥೆಗೆ ಅವರ ಹೆಸರು ಗೊತ್ತಿರಬೇಕಾಗಿಲ್ಲ. ನಿದ್ದೆ ಬಾರದ, ಕೆಲಸ ಬದಲಿಸಲು ಯೋಚಿಸುತ್ತಿರುವ ಒಬ್ಬ ವ್ಯಕ್ತಿ ಎಂಬ ಚಿತ್ರ ಅಷ್ಟರಿಂದಲೇ ಸಿದ್ಧವಾಗುತ್ತದೆ. ಆ ಎರಡು ತಾಣಗಳಲ್ಲಿ ಯಾವುದಕ್ಕೂ ಇಷ್ಟು ತಿಳಿದಿಲ್ಲ, ಯಾರೂ ಹೆಸರು ಕೇಳಿರದ ಮೂರನೆಯವರಿಗೆ ತಿಳಿದಿದೆ. ನನಗೆ ಒಪ್ಪಿಗೆಯಾಗದಿರುವುದು ಇದೇ.

ಆದ್ದರಿಂದ ಮೊದಲ ಕೆಲಸ ಮೂರನೆಯವರ ಕುಕೀಗಳನ್ನು ತಡೆಯುವುದು. ಸಫಾರಿ 2020ರಿಂದ ಇದನ್ನು ತಾನೇ ಮಾಡುತ್ತಿದೆ. ಫೈರ್‌ಫಾಕ್ಸ್ ಪ್ರತಿ ತಾಣದ ಕುಕೀಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟಂತೆ ಪ್ರತ್ಯೇಕಿಸುತ್ತದೆ. ಕ್ರೋಮ್ ಮಾತ್ರ ಇಂಥ ಕುಕೀಗಳನ್ನು ಕೈಬಿಡುವುದಾಗಿ 2020ರಲ್ಲಿ ಪ್ರಕಟಿಸಿ 2024ರಲ್ಲಿ ಹಿಂದೆ ಸರಿಯಿತು. ಹಾಗಾಗಿ ಆಂಡ್ರಾಯ್ಡ್ ಫೋನಿನಲ್ಲಿ ಕ್ರೋಮ್ ಬಳಸುವವರು ಸೆಟ್ಟಿಂಗ್ಸ್‌ನಲ್ಲಿ Third-party cookies ಎಂಬಲ್ಲಿಗೆ ಹೋಗಿ ತಡೆಯನ್ನು ತಾವೇ ಆರಿಸಿಕೊಳ್ಳಬೇಕು.

ತಡೆ ಹಾಕಿದ ಮೇಲೆ ಅಳಿಸುವುದೇಕೆ? ಏಕೆಂದರೆ ತಡೆಗೆ ಸಿಗದ ದಾರಿಗಳಿವೆ. ಒಂದು ಕೊಂಡಿಯನ್ನು ಒತ್ತಿದಾಗ ಬ್ರೌಸರು ನೇರವಾಗಿ ಗುರಿ ಸೇರದೆ, ಜಾಡು ಹಿಡಿಯುವ ಸಂಸ್ಥೆಯ ವಿಳಾಸವನ್ನು ಕ್ಷಣಮಾತ್ರ ಹಾದುಹೋಗಬಹುದು. ಆ ಕ್ಷಣದಲ್ಲಿ ಆ ಸಂಸ್ಥೆಯೇ ‘ಮೊದಲನೆಯವರು’. ತನ್ನ ಕುಕೀಯನ್ನು ಅದು ಸಲೀಸಾಗಿ ಓದಿಕೊಳ್ಳುತ್ತದೆ. ಇನ್ನೊಂದು ದಾರಿ ಕೊಂಡಿಯ ಬಾಲಕ್ಕೆ ಅಂಟಿಸಿದ gclid, fbclid ಮೊದಲಾದ ಗುರುತುಗಳು. ತಲುಪಿದ ತಾಣದ ಪುಟದಲ್ಲಿರುವ ಸ್ಕ್ರಿಪ್ಟ್ ಅದನ್ನೆತ್ತಿಕೊಂಡು ಆ ತಾಣದ ಸ್ವಂತ ಕುಕೀಯಾಗಿಯೇ ಬರೆದಿಡುತ್ತದೆ. ಇದು ಮೂರನೆಯವರ ಕುಕೀ ಅಲ್ಲವಾದ್ದರಿಂದ ತಡೆ ಇದನ್ನು ಮುಟ್ಟುವುದಿಲ್ಲ. ಸಫಾರಿ ಮತ್ತು ಫೈರ್‌ಫಾಕ್ಸ್ ಇಂಥವುಗಳಲ್ಲಿ ಕೆಲವನ್ನು ಗುರುತಿಸಿ ಕತ್ತರಿಸುತ್ತವೆ, ಎಲ್ಲವನ್ನೂ ಅಲ್ಲ. ಉಳಿದದ್ದನ್ನು ತೆಗೆಯುವ ಉಪಾಯ ಅಳಿಸುವುದೊಂದೇ.

ಅಳಿಸುವಾಗ ಎರಡು ಎಚ್ಚರಿಕೆಗಳು ಬೇಕು. ಕ್ರೋಮ್‌ನಲ್ಲಿ Delete browsing data ತೆರೆದಾಗ ಕೊನೆಯ ಕೆಲವು ನಿಮಿಷಗಳ ಅವಧಿಯಷ್ಟೇ ಗುರುತಾಗಿರಬಹುದು. All time ಆರಿಸದಿದ್ದರೆ ಒಂದು ವರ್ಷದ ಆಯುಷ್ಯದ ಕುಕೀ ಅಲ್ಲೇ ಉಳಿಯುತ್ತದೆ. ಪಾಸ್‌ವರ್ಡ್‌ಗಳ ಮುಂದಿನ ಗುರುತು ಖಾಲಿ ಇರಲಿ, ಕುಕೀ ಮತ್ತು ಸೈಟ್ ಡೇಟಾ ಒಟ್ಟಿಗೆ ಹೋಗಲಿ. ಕುಕೀಯೊಂದನ್ನೇ ತೆಗೆದರೆ, ಬ್ರೌಸರಿನ ಬೇರೆ ಸಂಗ್ರಹದಲ್ಲಿ ಬಚ್ಚಿಟ್ಟ ಪ್ರತಿಯಿಂದ ಸ್ಕ್ರಿಪ್ಟ್ ಅದನ್ನು ಮತ್ತೆ ಹುಟ್ಟಿಸಬಲ್ಲದು. ಭದ್ರತಾ ಸಂಶೋಧಕ ಸ್ಯಾಮಿ ಕಾಮ್ಕರ್ 2010ರಲ್ಲಿ ‘ಎವರ್‌ಕುಕೀ’ ಎಂಬ ಪ್ರಯೋಗದಿಂದ ಇದನ್ನು ತೋರಿಸಿಕೊಟ್ಟಿದ್ದಾರೆ.

ತಿಂಗಳಿಗೊಮ್ಮೆ ಹೀಗೆ ಮಾಡಿದರೆ ನಾಲ್ಕಾರು ತಾಣಗಳಿಗೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ. ಅದಕ್ಕೆ ಬದಲಾಗಿ, 7f3a91 ಎಂಬ ವ್ಯಕ್ತಿಯ ಕಡತಕ್ಕೆ ಹೊಸ ಪುಟಗಳು ಸೇರುವುದು ನಿಲ್ಲುತ್ತದೆ.

ವಿರೋಧ: ತಡೆಯಿರಿ, ಆದರೆ ಎಲ್ಲವನ್ನೂ ಗುಡಿಸಿಹಾಕಬೇಡಿ

ಮೂರನೆಯವರ ಕುಕೀಗಳನ್ನು ತಡೆಯಬೇಕೆಂಬುದರಲ್ಲಿ ನನ್ನ ತಕರಾರಿಲ್ಲ. ತಡೆಯಿಂದ ಕೆಲವೊಮ್ಮೆ ಒಂದು ತಾಣ ಕೆಡುತ್ತದೆ: ಲಾಗಿನ್ ಆದರೂ ಮತ್ತೆ ಅದೇ ಲಾಗಿನ್ ಪುಟ ಬರುತ್ತಿರುತ್ತದೆ, ಅಥವಾ ಪುಟದೊಳಗಿನ ಪಾವತಿಯ ಚೌಕ ಖಾಲಿ ಕಾಣುತ್ತದೆ. ಕ್ರೋಮ್‌ನಲ್ಲಾದರೆ ಆ ಒಂದು ತಾಣಕ್ಕೆ ವಿನಾಯಿತಿ ಕೊಟ್ಟರೆ ಮುಗಿಯಿತು. ನನ್ನ ವಿರೋಧವಿರುವುದು ನಿಗದಿತವಾಗಿ ಎಲ್ಲವನ್ನೂ ಅಳಿಸುವ ಅಭ್ಯಾಸಕ್ಕೆ. ಕೊಡುವುದಾಗಿ ಹೇಳುವ ರಕ್ಷಣೆಯನ್ನು ಅದು ಕೊಡುವುದಿಲ್ಲ, ಕಳೆಯಬಾರದ್ದನ್ನು ಕಳೆಯುತ್ತದೆ.

ಮೇಲಿನ ಉದಾಹರಣೆಯನ್ನೇ ಮುಂದುವರಿಸುತ್ತೇನೆ. 7f3a91 ಅಳಿಸಿಹೋಯಿತು. ಆರೋಗ್ಯ ತಾಣ ಲಾಗಿನ್ ಕೇಳುತ್ತದೆ, ಓದುಗರು ಅದೇ ಇಮೇಲ್ ಕೊಡುತ್ತಾರೆ. ತಾಣವು ಆ ಇಮೇಲನ್ನು ಗುಪ್ತ ಅಕ್ಷರಗಳ ಸಾಲಾಗಿ ಬದಲಿಸಿ ಜಾಹೀರಾತು ಸಂಸ್ಥೆಗೆ ಕಳಿಸಿದರೆ, ಹಿಂದೆಯೂ ಇದೇ ಸಾಲು ಬಂದಿತ್ತೆಂದು ಅಲ್ಲಿ ತಿಳಿಯುತ್ತದೆ, ಏಕೆಂದರೆ ಒಂದೇ ಇಮೇಲಿನಿಂದ ಒಂದೇ ವಿಧಾನದಲ್ಲಿ ಹುಟ್ಟುವ ಸಾಲು ಪ್ರತಿಸಲವೂ ಒಂದೇ. ಹಳೆಯ ಕಡತಕ್ಕೆ ಹೊಸ ಗುರುತು ಜೋಡಣೆಯಾಗುತ್ತದೆ. ವಿಪರ್ಯಾಸವೆಂದರೆ, ಎಲ್ಲವನ್ನೂ ಅಳಿಸಿದವರು ಎಲ್ಲೆಡೆ ಮತ್ತೆ ಲಾಗಿನ್ ಆಗಲೇಬೇಕು, ಅಂದರೆ ಈ ಜೋಡಣೆಗೆ ತಾವೇ ಅವಕಾಶ ಕೊಡುತ್ತಾ ಹೋಗುತ್ತಾರೆ.

ಇನ್ನು ಕಳೆದುಕೊಳ್ಳುವುದರ ವಿಚಾರ. ‘ಜಾಡು ಹಿಡಿಯಬೇಡಿ’ ಎಂದು ಒಂದೊಂದೇ ತಾಣದಲ್ಲಿ ನಿರಾಕರಿಸಿದ ನಿರ್ಧಾರವೂ ಸಾಮಾನ್ಯವಾಗಿ ಕುಕೀಯಲ್ಲೇ ಇರುತ್ತದೆ. ಅದು ಹೋದರೆ ಅನುಮತಿ ಕೇಳುವ ಪಟ್ಟಿ ಮತ್ತೆ ಪರದೆಯನ್ನು ತುಂಬುತ್ತದೆ. ಹತ್ತನೆಯ ತಾಣದ ಹೊತ್ತಿಗೆ ಬೇಸತ್ತ ಹೆಬ್ಬೆರಳು ದೊಡ್ಡದಾಗಿ ಕಾಣುವ ‘ಎಲ್ಲಕ್ಕೂ ಒಪ್ಪಿಗೆ’ಯನ್ನು ಒತ್ತಿಬಿಡುತ್ತದೆ. ಗೋಪ್ಯತೆಗಾಗಿ ಮಾಡಿದ ಕೆಲಸ ಗೋಪ್ಯತೆಯನ್ನೇ ಬಿಟ್ಟುಕೊಟ್ಟಂತಾಯಿತು.

‘ಇದು ಪರಿಚಿತ ಫೋನ್’ ಎಂದು ಬ್ಯಾಂಕೋ ಇಮೇಲ್ ಸೇವೆಯೋ ಇಟ್ಟ ಗುರುತು ಸಹ ಹಾಗೆಯೇ ಹೋಗುತ್ತದೆ. ಒಟಿಪಿ ಬರಬೇಕಾದ ಹಳೆಯ ಸಂಖ್ಯೆ ಈಗ ಕೈಯಲ್ಲಿಲ್ಲದಿದ್ದರೆ ಸ್ವಂತ ಖಾತೆಯ ಹೊರಗೇ ನಿಲ್ಲಬೇಕಾಗುತ್ತದೆ. ಸೈಟ್ ಡೇಟಾದ ನಷ್ಟ ಇನ್ನೂ ಕಠಿಣ. ಕೆಲವು ಬರವಣಿಗೆಯ ತಾಣಗಳು ಇಂಟರ್ನೆಟ್ ಇಲ್ಲದಾಗ ಬರೆದ ಕರಡನ್ನು ಬ್ರೌಸರಿನ IndexedDB ಎಂಬ ಸಂಗ್ರಹದಲ್ಲಿ ಇಡುತ್ತವೆ. ಸರ್ವರಿಗೆ ಇನ್ನೂ ತಲುಪದ ಆ ಕರಡು ಅಳಿಸಿಹೋದರೆ ಮರಳಿ ಪಡೆಯುವ ದಾರಿಯಿಲ್ಲ. ಅಳಿಸುವ ಮುನ್ನ ಬ್ರೌಸರು ‘ಇಲ್ಲೊಂದು ಕರಡಿದೆ’ ಎಂದು ಹೇಳುವುದೂ ಇಲ್ಲ.

ಅಳಿಸಿದರೆ ಲಾಗ್‌ಔಟ್ ಆದಂತೆ ಎಂಬ ನಂಬಿಕೆಯೂ ತಪ್ಪು, ಅಪಾಯಕಾರಿ ಕೂಡ. ಫೋನಿನಲ್ಲಿದ್ದ ಕೀಲಿ ಮಾತ್ರ ಹೋಗಿರುತ್ತದೆ, ಸರ್ವರಿನಲ್ಲಿ ಆ ಸೆಷನ್ ಜೀವಂತವಾಗಿರಬಹುದು. ಆ ಕುಕೀಯನ್ನು ಯಾರಾದರೂ ಮೊದಲೇ ಕದ್ದು ನಕಲು ಮಾಡಿಕೊಂಡಿದ್ದರೆ ಅವರ ಪ್ರವೇಶ ಹಾಗೆಯೇ ಮುಂದುವರಿಯುತ್ತದೆ. ಅನುಮಾನವಿದ್ದರೆ ಖಾತೆಯೊಳಗಿನ ಸಾಧನಗಳ ಪಟ್ಟಿ ತೆರೆದು ಎಲ್ಲ ಕಡೆಯಿಂದಲೂ ಸೈನ್‌ಔಟ್ ಆಗಬೇಕು.

ಎಲ್ಲವನ್ನೂ ಅಳಿಸಿದೆವು ಎಂಬುದೂ ಪೂರ್ಣ ನಿಜವಲ್ಲ. ಅನೇಕ ಆ್ಯಪ್‌ಗಳು ಕೊಂಡಿಗಳನ್ನು ತಮ್ಮೊಳಗಿನ ಬ್ರೌಸರಿನಲ್ಲೇ ತೆರೆಯುತ್ತವೆ, ಅದರ ಕುಕೀ ಸಂಗ್ರಹ ಬೇರೆಯೇ ಆಗಿರಬಹುದು. ಕ್ರೋಮ್ ಅಥವಾ ಸಫಾರಿಯಲ್ಲಿ ಅಳಿಸಿದ್ದು ಆಗ ಅಲ್ಲಿಗೆ ತಟ್ಟುವುದಿಲ್ಲ. ಸಾಧ್ಯವಾದಲ್ಲಿ ಅಂಥ ಕೊಂಡಿಗಳನ್ನು ಹೊರಗಿನ ಬ್ರೌಸರಿನಲ್ಲಿ ತೆರೆಯುವುದು ಮೇಲು.

ಹಾಗಾದರೆ ಕೊಂಡಿಯ ಬಾಲದ ಗುರುತಿಗೆ ಏನು ಮಾಡಬೇಕು? ಆ ಸಮಸ್ಯೆ ನಿಜ ಎಂದು ಒಪ್ಪುತ್ತೇನೆ. ಅದಕ್ಕೆ ಒಂದೊಂದು ತಾಣವನ್ನೇ ಅಳಿಸುವುದು ಸರಿಯಾದ ಮದ್ದು. ಕ್ರೋಮ್‌ನ Site settings ಒಳಗೆ All sites ಪಟ್ಟಿಯಿದೆ, ಐಫೋನಿನಲ್ಲಿ ಸಫಾರಿಯ Advanced ಅಡಿಯಲ್ಲಿ Website Data ಇದೆ. ಖಾತೆಯಿರುವ ತಾಣಗಳನ್ನು ಬಿಟ್ಟು, ಒಮ್ಮೆ ಭೇಟಿ ಕೊಟ್ಟು ಮರೆತವನ್ನು ಅಲ್ಲಿಂದ ತೆಗೆದುಹಾಕಿ. ನಿದ್ರಾಹೀನತೆಯಂಥ ವಿಷಯ ಓದುವುದಿದ್ದರೆ ಲಾಗಿನ್ ಆಗದೆ ಖಾಸಗಿ ಟ್ಯಾಬಿನಲ್ಲಿ ಓದಿ. ಎಲ್ಲ ಖಾಸಗಿ ಟ್ಯಾಬುಗಳನ್ನೂ ಮುಚ್ಚಿದಾಗ ಆ ಓದಿನ ಕುಕೀಗಳು ಫೋನಿನಿಂದ ತಾವಾಗಿಯೇ ಹೋಗುತ್ತವೆ, ಉಳಿದ ತಾಣಗಳ ಲಾಗಿನ್ ಮತ್ತು ಕರಡುಗಳಿಗೆ ಏನೂ ಆಗುವುದಿಲ್ಲ.