ಶನಿವಾರದ ಆಟ 6:30ಕ್ಕೇ ಶುರು

ಈ ಶನಿವಾರ ನಮ್ಮೂರ ಶಾಲೆ ಮೈದಾನದಲ್ಲಿ ನಮ್ಮ ತಂಡದ ಬಡಗುತಿಟ್ಟು ಯಕ್ಷಗಾನ. ಪ್ರಸಂಗ ‘ಅಭಿಮನ್ಯು ಕಾಳಗ’. ಕುರ್ಚಿಗೆ 150 ರೂಪಾಯಿ, ಚಾಪೆಗೆ 50. 6 ಗಂಟೆಗೆ ಚೆಂಡೆ, ಮದ್ದಳೆಯ ಕೇಳಿ ಹೊಡೆಯುತ್ತೇವೆ, 6:30ಕ್ಕೆ ಆಟ ಶುರು.

ಕೆಲವರು ಕೇಳಿದರು, ‘6:30 ಅಂದ್ರೆ ನಿಜವಾಗಿ ಎಷ್ಟಕ್ಕೆ?’ ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಳೆದ ವರ್ಷ ಅತಿಥಿಗಳು ಬರಲಿ ಅಂತ 40 ನಿಮಿಷ ಕಾದೆವು. ಅಷ್ಟರಲ್ಲಿ ಚೌಕಿಯಲ್ಲಿ ವೇಷ ಕಟ್ಟಿ ಆಗಿತ್ತು. ಅಭಿಮನ್ಯು ಮಾಡುವ ಹುಡುಗ ತಲೆಗೆ ಕೇದಗೆ ಮುಂದಲೆ ಬಿಗಿದುಕೊಂಡು ಸುಮ್ನೆ ಕೂತಿದ್ದ. ಕುಣಿಯುವಾಗ ಜಾರಬಾರದು ಅಂತ ಅದನ್ನು ಬಿಗಿಯಾಗಿಯೇ ಕಟ್ಟಬೇಕು. ಸಡಿಲ ಮಾಡಿದರೆ ಮತ್ತೆ ಮೊದಲಿಂದ ಕಟ್ಟಬೇಕು. ರಂಗಕ್ಕೆ ಹೋಗುವ ಹೊತ್ತಿಗೆ ಅವನಿಗೆ ತಲೆ ಸಿಡಿಯುತ್ತಿತ್ತು.

ಇನ್ನೊಂದು ಕಡೆ, ಬಯಲಲ್ಲಿ ರಾತ್ರಿ 10ರ ನಂತರ ಮೈಕ್ ಹಾಕುವಂತಿಲ್ಲ. ಶುರುವಾಗುವುದು ತಡವಾದರೂ ಮುಗಿಸುವ ಹೊತ್ತು ಮುಂದೆ ಹೋಗುವುದಿಲ್ಲ. ಹಾಗಾಗಿ ಭಾಗವತರು ಪದ್ಯ ಬಿಡಬೇಕಾಯಿತು. ಚಕ್ರವ್ಯೂಹದ ಯುದ್ಧ ಬಿಡುವಂತಿಲ್ಲ, ಕತೆಯೇ ನಿಲ್ಲುತ್ತದೆ. ಕತ್ತರಿ ಬಿದ್ದದ್ದು ಯುದ್ಧಕ್ಕೆ ಹೊರಟ ಮಗ ಸುಭದ್ರೆಯ ಹತ್ತಿರ ಅಪ್ಪಣೆ ಕೇಳುವಲ್ಲಿ. ಆ ತಾಯಿ ಮಗನ ಮಾತು ಸರಿಯಾಗಿ ಬಾರದೆ ಕೊನೆಯಲ್ಲಿ ಅಭಿಮನ್ಯು ಬಿದ್ದರೆ ಯಾರ ಕಣ್ಣು ತುಂಬುತ್ತದೆ ಹೇಳಿ? ಹೊತ್ತಿಗೆ ಸರಿಯಾಗಿ ಬಂದು ಕೂತವರಿಗೇ ನಾವು ಅನ್ಯಾಯ ಮಾಡಿದೆವು. ಈ ಸಲ ಯಾರಿಗೂ ಕಾಯುವುದಿಲ್ಲ. ಸಭೆ, ಸನ್ಮಾನ ಯಾವುದೂ ಇಲ್ಲ.

ಕೂರುವ ವ್ಯವಸ್ಥೆಯನ್ನೂ ಬದಲಾಯಿಸಿದ್ದೇವೆ. ಮುಂದೆ ಚಾಪೆ, ಅದರ ಹಿಂದೆ ಕುರ್ಚಿ. ನೆಲದಲ್ಲಿ ಕೂತವರ ತಲೆ ಹಿಂದಿನವರಿಗೆ ಅಡ್ಡ ಬರುವುದಿಲ್ಲ. ಆದರೆ ರಂಗಸ್ಥಳಕ್ಕೆ ತೀರಾ ಒತ್ತಿಕೊಂಡು ಕೂತರೆ ಕುಣಿಯುವವರ ಕಾಲೇ ಕಾಣುವುದಿಲ್ಲ. ಹೆಜ್ಜೆ ಕಾಣದ ಮೇಲೆ ಬಡಗುತಿಟ್ಟಿನಲ್ಲಿ ಅರ್ಧ ಆಟ ಹೋದ ಹಾಗೆ. ಅದಕ್ಕೇ ಮೊದಲ ಚಾಪೆಯನ್ನು ಆರಡಿ ಹಿಂದೆ ಹಾಸುತ್ತೇವೆ. ಕುರ್ಚಿಯಲ್ಲಿ ಮೊದಲು ಬಂದವರಿಗೆ ಮೊದಲ ಸಾಲು. ಯಾರ ಹೆಸರಿಗೂ ಟವೆಲ್ ಹಾಸಿ ಇಡುವುದಿಲ್ಲ. ನಡುವಿನ ದಾರಿ ಪಕ್ಕದ ಕುರ್ಚಿಗಳನ್ನು ಮಾತ್ರ ಮಂಡಿ ನೋವಿನ ಹಿರಿಯರಿಗೆ ಬಿಟ್ಟುಕೊಡಿ. ಅವರಿಗೆ ಎದ್ದು ಹೋಗಿ ಬರಲು ಸುಲಭ.

‘ಆಟಕ್ಕೆ ಟಿಕೆಟ್ಟಾ?’ ಅಂತ ಬೇಸರ ಮಾಡಿಕೊಂಡವರೂ ಇದ್ದಾರೆ. ಹರಕೆ ಆಟದಲ್ಲಿ ಹರಕೆ ಹೊತ್ತ ಮನೆಯವರು ಖರ್ಚು ಕೊಡುತ್ತಾರೆ, ಊರವರು ಪುಕ್ಕಟೆ ನೋಡುತ್ತಾರೆ. ನಮ್ಮದು ಹವ್ಯಾಸಿ ತಂಡ, ಆಡಿಸುವವರು ಯಾರೂ ಇಲ್ಲ. ವೇಷಭೂಷಣ ಬಾಡಿಗೆಗೆ ಬರುತ್ತದೆ. ಚೆಂಡೆ, ಮದ್ದಳೆಯವರು ಹೊರಗಿಂದ ಬರುತ್ತಾರೆ, ಅವರಿಗೆ ಅದೇ ದುಡಿಮೆ. ವೇಷ ಮಾಡುವ ನಾವು ಏನೂ ತೆಗೆದುಕೊಳ್ಳುವುದಿಲ್ಲ. ಅವರ ಸಂಭಾವನೆಯನ್ನು ಮಾತ್ರ ಬಾಕಿ ಇಡಬಾರದು ಅಲ್ವಾ?

ಚಾಪೆಯಲ್ಲಿ ಕೂರುವ ಮಕ್ಕಳಿಗೆ ಟಿಕೆಟ್ ಇಲ್ಲ. 5:30ಕ್ಕೆ ಗೇಟಿನ ಹತ್ತಿರ ಟಿಕೆಟ್ ಕೊಡಲು ಶುರು ಮಾಡುತ್ತೇವೆ. ಚಿಲ್ಲರೆ ತನ್ನಿ.