‘ಬರೀ ಎರಡು ಪರ್ಸೆಂಟ್’ ಅಂತ ಇನ್ನೊಬ್ಬರು ಹೇಳಿದರೆ ನಾನು ಎದ್ದು ಹೋಗುತ್ತೇನೆ

ನಿನ್ನೆ ಮನೆಯಲ್ಲಿ ನೆಂಟರು ಸೇರಿದ್ದರು. ಊಟ ಮುಗಿದಿತ್ತು, ಎಲ್ಲರೂ ಸುಮ್ನೆ ಕೂತಿದ್ದೆವು. ಚಿಕ್ಕಪ್ಪನ ಮಗ ನನ್ನ ಪಕ್ಕ ಬಂದು ಕೂತು, ಏನೋ ಗೆದ್ದು ಬಂದವನ ಹಾಗೆ ಹೇಳಿದ: "ಅಕ್ಕಾ, ಎಫ್‌ಡಿ ಮುಟ್ಟಲೇ ಇಲ್ಲ. ಅದರ ಮೇಲೇ ಸಾಲ ತಗೊಂಡೆ. ಸಾಲಕ್ಕೆ ಒಂಬತ್ತು, ಎಫ್‌ಡಿಗೆ ಏಳು ಬರ್ತಾನೇ ಇದೆ. ಬರೀ ಎರಡು ಪರ್ಸೆಂಟ್!"

ನಾನು ಮೂವತ್ತು ವರ್ಷ ಬೇರೆಯವರ ಲೆಕ್ಕ ಬರೆದೇ ಬದುಕಿದವಳು, ನಿಮಗೆಲ್ಲ ಗೊತ್ತು. ಈ ‘ಬರೀ ಎರಡು ಪರ್ಸೆಂಟ್’ ಅನ್ನುವ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬ್ಯಾಂಕಿನವರು ಹೇಳುತ್ತಾರೆ, ಆಫೀಸಿನಲ್ಲಿ ಪಕ್ಕದ ಸೀಟಿನವರು ಹೇಳುತ್ತಾರೆ, ಈಗ ನನ್ನ ತಮ್ಮನೂ ಹೇಳುತ್ತಿದ್ದಾನೆ. ಕೇಳಿದವರು ಯಾರೂ ಪೆನ್ನು ಹಿಡಿಯುವುದಿಲ್ಲ.

ನಾನು ಹಿಡಿದೆ. ಸಿಹಿ ಡಬ್ಬದ ಮುಚ್ಚಳದ ಹಿಂದೆಯೇ ಬರೆದೆ. ಅವನ ಲೆಕ್ಕ ಹೀಗಿದೆ. ಮೂರು ವರ್ಷಕ್ಕೆ ಅಂತ ಐದು ಲಕ್ಷದ ಎಫ್‌ಡಿ, ಬಡ್ಡಿ ಶೇ 7. ಒಂದು ವರ್ಷ ಆದ ಮೇಲೆ ಮನೆ ರಿಪೇರಿಗೆ ಮೂರು ಲಕ್ಷ ಬೇಕಾಯಿತು. ಎಫ್‌ಡಿ ಮೇಲೆ ಓಡಿ, ಅಂದರೆ ಓವರ್‌ಡ್ರಾಫ್ಟ್ ಸಾಲ ತೆಗೆದುಕೊಂಡ, ಶೇ 9ಕ್ಕೆ. ವರ್ಷಕ್ಕೆ ಸಾಲದ ಬಡ್ಡಿ 27,000. ಅದೇ ಮೂರು ಲಕ್ಷದ ಮೇಲೆ ಎಫ್‌ಡಿ ಕೊಡುವುದು 21,000. ವ್ಯತ್ಯಾಸ 6,000. ಸರಿ, ಮೂರು ಲಕ್ಷಕ್ಕೆ ಎರಡು ಪರ್ಸೆಂಟ್. ಇಲ್ಲಿಗೆ ಅವನ ಲೆಕ್ಕ ನಿಲ್ಲುತ್ತದೆ, ನನ್ನ ಸಿಟ್ಟು ಶುರುವಾಗುತ್ತದೆ.

"ಟ್ಯಾಕ್ಸು?" ಅಂದೆ.

"ಟಿಡಿಎಸ್ ಕಟ್ ಆಗಿಲ್ಲ ಅಕ್ಕಾ."

ಕಟ್ ಆಗಿಲ್ಲ ನಿಜ. ಒಂದು ಬ್ಯಾಂಕಿನಿಂದ ವರ್ಷಕ್ಕೆ ಬರುವ ಬಡ್ಡಿ 50,000 ದಾಟದಿದ್ದರೆ ಬ್ಯಾಂಕು ಟಿಡಿಎಸ್ ಹಿಡಿಯುವುದಿಲ್ಲ, 2025ರ ಏಪ್ರಿಲ್‌ನಿಂದ ಹಾಗಿದೆ. ಅವನಿಗೆ ಬರುವುದು 35,000. ಆದರೆ ಟಿಡಿಎಸ್ ಹಿಡಿಯಲಿಲ್ಲ ಅಂದರೆ ತೆರಿಗೆ ಇಲ್ಲ ಅಂತಲ್ಲ. ಎಫ್‌ಡಿ ಬಡ್ಡಿ ಅವನ ಸಂಬಳದ ಜೊತೆ ಸೇರುತ್ತದೆ, ಅವನು ಶೇ 30ರ ಸ್ಲ್ಯಾಬಿನಲ್ಲಿದ್ದಾನೆ. ಸೆಸ್ ಸೇರಿದರೆ ಶೇ 31.2. ಆ 21,000ದಲ್ಲಿ 6,552 ಸರ್ಕಾರಕ್ಕೆ ಹೋಗುತ್ತದೆ, ಅವನ ಕೈಗೆ 14,448 ಉಳಿಯುತ್ತದೆ.

ಸಾಲಕ್ಕೆ ಕಟ್ಟುವ 27,000ವನ್ನು ಈ ಬಡ್ಡಿ ಆದಾಯದಲ್ಲಿ ಕಳೆದು ತೋರಿಸಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನಿನ್ನೆಯೂ ಕೇಳಿದರು. ಒಂದೇ ಎಫ್‌ಡಿ, ಅದರಿಂದಲೇ ಬಡ್ಡಿ ಬರುತ್ತದೆ, ಅದರ ಮೇಲೇ ಬಡ್ಡಿ ಕಟ್ಟುತ್ತೇವೆ, ಉಳಿದದ್ದಕ್ಕೆ ತಾನೇ ತೆರಿಗೆ? ಕೇಳಲು ನ್ಯಾಯವಾಗಿಯೇ ಇದೆ. ಆದರೆ ಈ ಪ್ರಶ್ನೆ ಸುಪ್ರೀಂ ಕೋರ್ಟ್ ತನಕ ಹೋಗಿ 2001ರಲ್ಲೇ ಮುಗಿದಿದೆ. ಎಫ್‌ಡಿ ಬಡ್ಡಿ ನಿಮ್ಮ ಆದಾಯ, ಸಾಲದ ಬಡ್ಡಿ ನಿಮ್ಮ ಖರ್ಚು. ಆ ಆದಾಯ ಬರಲು ಈ ಖರ್ಚು ಬೇಕಿರಲಿಲ್ಲ, ಹಾಗಾಗಿ ಕಳೆಯುವಂತಿಲ್ಲ. ಸಾಲದ ಹಣವನ್ನು ವ್ಯಾಪಾರಕ್ಕೆ ಹಾಕಿದ್ದರೆ ವ್ಯಾಪಾರದ ಲೆಕ್ಕದಲ್ಲಿ ಖರ್ಚು ಅಂತ ತೋರಿಸಬಹುದು, ಅದು ಬೇರೆ. ಅಡುಗೆ ಮನೆಗೆ ಟೈಲ್ಸ್ ಹಾಕಿಸಿದವನಿಗೆ ಆ ದಾರಿ ಇಲ್ಲ.

ಈಗ ಕಳೆಯಿರಿ. ಕಟ್ಟುವುದು 27,000, ಕೈಗೆ ಬರುವುದು 14,448. ಕೈಯಿಂದ ಹೋಗುವುದು 12,552. ಮೂರು ಲಕ್ಷಕ್ಕೆ ಇದು ಶೇ 4.18. ಎರಡಲ್ಲ, ಎರಡರ ಎರಡರಷ್ಟಕ್ಕಿಂತಲೂ ಒಂದು ಚೂರು ಜಾಸ್ತಿ. ತೆರಿಗೆ ಕಟ್ಟಬೇಕಾದಷ್ಟು ಆದಾಯವೇ ಇಲ್ಲದವರಿಗೆ ಮಾತ್ರ ಎರಡು ಪರ್ಸೆಂಟ್ ಅನ್ನುವುದು ನಿಜ. ತಮಾಷೆ ಏನು ಗೊತ್ತಾ? ನಾನು ನೋಡಿದ ಹಾಗೆ ಈ ಮಾತನ್ನು ಜೋರಾಗಿ ಹೇಳುವವರೆಲ್ಲ ಒಳ್ಳೇ ಸಂಬಳದವರೇ.

ಹಾಗಾದರೆ ಸಾಲ ತಗೊಂಡಿದ್ದು ತಪ್ಪಾ? ಅದನ್ನು ಇನ್ನೂ ಹೇಳುವ ಹಾಗಿಲ್ಲ. ಎಫ್‌ಡಿ ಮುರಿಸಿದ್ದರೆ ಎಷ್ಟು ಹೋಗುತ್ತಿತ್ತು ಅಂತ ಮೊದಲು ನೋಡಬೇಕು. ಇದನ್ನು ಅವನು ಕೇಳಿಯೇ ಇಲ್ಲ! "ಮುರಿಸಿದರೆ ಪೆನಾಲ್ಟಿ ಬೀಳುತ್ತೆ" ಅಂತ ಬ್ಯಾಂಕಿನವರು ಅಂದರಂತೆ, ಇವನು ಹೆದರಿದನಂತೆ. ಎಷ್ಟು ಬೀಳುತ್ತದೆ ಅಂತ ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಮುರಿಸಿದಾಗ ಸಾಮಾನ್ಯವಾಗಿ ಹೀಗಾಗುತ್ತದೆ. ಹಣ ಬ್ಯಾಂಕಿನಲ್ಲಿ ನಿಜವಾಗಿ ಎಷ್ಟು ದಿನ ಇತ್ತೋ ಅಷ್ಟು ದಿನದ ಎಫ್‌ಡಿಗೆ, ನೀವು ಇಟ್ಟ ದಿನ ಯಾವ ದರ ಇತ್ತು ಅಂತ ನೋಡುತ್ತಾರೆ. ಅದರಲ್ಲಿ ಅರ್ಧವೋ ಒಂದೋ ಪರ್ಸೆಂಟ್ ಕಳೆಯುತ್ತಾರೆ. ಒಂದು ವರ್ಷದ ದರ ಶೇ 6.5 ಇತ್ತು ಅಂತಿಟ್ಟುಕೊಳ್ಳಿ, ಒಂದು ಕಳೆದರೆ 5.5. ಏಳು ಬರಬೇಕಿದ್ದ ಕಡೆ ಐದೂವರೆ. ಐದು ಲಕ್ಷಕ್ಕೆ ಒಂದು ವರ್ಷಕ್ಕೆ ಹೋಗುವುದು 7,500. ಆ ಬಡ್ಡಿ ಬಂದಿದ್ದರೂ ಅದಕ್ಕೆ ತೆರಿಗೆ ಕಟ್ಟಬೇಕಿತ್ತು, ಹಾಗಾಗಿ ನನ್ನ ತಮ್ಮನ ಪಾಲಿಗೆ ನಿಜವಾದ ನಷ್ಟ 5,160. ಅಸಲಿಗೆ ಏನೂ ಆಗುವುದಿಲ್ಲ. ಮಿಕ್ಕ ಎರಡು ಲಕ್ಷವನ್ನು ಅವತ್ತೇ ಮತ್ತೆ ಎಫ್‌ಡಿ ಮಾಡಬಹುದು.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಮುರಿಸಿದರೆ ಒಂದೇ ಸಲ 5,160. ಸಾಲ ಇಟ್ಟುಕೊಂಡರೆ ತಿಂಗಳಿಗೆ 1,046. ಭಾಗಿಸಿದರೆ ಸುಮಾರು ಐದು ತಿಂಗಳು. ಐದು ತಿಂಗಳೊಳಗೆ ಸಾಲ ತೀರಿಸುತ್ತೇನೆ ಅನ್ನುವವನಿಗೆ ಸಾಲವೇ ಸರಿ, ಕಣ್ಣು ಮುಚ್ಚಿ ತಗೊಳ್ಳಲಿ. ಅದಕ್ಕಿಂತ ಎಳೆಯುತ್ತದೆ ಅಂದರೆ ಮುರಿಸುವುದೇ ಅಗ್ಗ. ತೆರಿಗೆ ಇಲ್ಲದವರಿಗೆ ಇದೇ ಲೆಕ್ಕ ಬೇರೆ ಥರ ಬರುತ್ತದೆ: 7,500ಕ್ಕೆ ಎದುರು ತಿಂಗಳಿಗೆ 500, ಅಂದರೆ ಹದಿನೈದು ತಿಂಗಳು. ಬ್ಯಾಂಕಿನಲ್ಲಿ ಇಬ್ಬರಿಗೂ ಹೇಳುವುದು ಮಾತ್ರ ಅದೇ ಎರಡು ಪರ್ಸೆಂಟ್ ಮಂತ್ರ.

ನನ್ನ ತಮ್ಮ ಎಷ್ಟು ದಿನಕ್ಕೆ ತಗೊಂಡಿದ್ದಾನೆ? "ಎಫ್‌ಡಿ ಮುಗಿದಾಗ ಅದರಲ್ಲೇ ಕಳೀತಾರೆ ಬಿಡಿ ಅಕ್ಕಾ." ಅಂದರೆ ಎರಡು ವರ್ಷ. ಐದು ತಿಂಗಳೆಲ್ಲಿ, ಇಪ್ಪತ್ನಾಲ್ಕು ತಿಂಗಳೆಲ್ಲಿ! 5,160 ಉಳಿಸಲು ಹೋಗಿ 25,000 ಕೊಡುತ್ತಿದ್ದಾನೆ. ಅದೂ ಬಡ್ಡಿಯನ್ನು ತಿಂಗಳು ತಿಂಗಳು ತಪ್ಪದೆ ಕಟ್ಟಿದರೆ. ಇವನು ಕಟ್ಟುತ್ತಿಲ್ಲ. ಕಟ್ಟದಿದ್ದರೆ ಓಡಿಯ ಬಡ್ಡಿ ಪ್ರತಿ ತಿಂಗಳೂ ಸಾಲಕ್ಕೆ ಸೇರಿ, ಆ ಬಡ್ಡಿಗೂ ಬಡ್ಡಿ ಬೀಳುತ್ತದೆ. ಎಫ್‌ಡಿಗೆ ಬಡ್ಡಿ ಸೇರುವುದು ಮೂರು ತಿಂಗಳಿಗೊಮ್ಮೆ. ಎರಡು ವರ್ಷಕ್ಕೆ ಮೂರು ಲಕ್ಷದ ಸಾಲ 3,58,900 ದಾಟುತ್ತದೆ, ಅದೇ ಮೂರು ಲಕ್ಷ ಎಫ್‌ಡಿಯಲ್ಲಿ 3,44,700ರ ಆಸುಪಾಸಿಗೆ ನಿಲ್ಲುತ್ತದೆ. ತೆರಿಗೆಗೆ ಮೊದಲೇ ವ್ಯತ್ಯಾಸ 12,000 ಹೋಗಿ 14,000 ದಾಟಿತು.

ಇಷ್ಟು ಹೊತ್ತಿಗೆ ಅತ್ತೆಯ ಮಗ ಬಾಯಿ ಹಾಕಿದ. "ಮುರಿಸಿದರೆ ದುಡ್ಡೆಲ್ಲ ಖರ್ಚಾಗಿ ಹೋಗುತ್ತೆ, ಸಾಲ ಇದ್ದರೆ ಒಂದು ಶಿಸ್ತು ಇರುತ್ತೆ." ಶಿಸ್ತು! ಇಎಂಐ ಇಲ್ಲ, ತಾರೀಖು ಇಲ್ಲ, ಯಾರೂ ಫೋನ್ ಮಾಡಿ ಕೇಳುವುದಿಲ್ಲ. ಬ್ಯಾಂಕಿಗೆ ಚಿಂತೆಯೇ ಇಲ್ಲ, ನಿಮ್ಮ ದುಡ್ಡು ಅವರ ಹತ್ತಿರವೇ ಇದೆ. ಇಂಥ ಸಾಲದಲ್ಲಿ ಶಿಸ್ತು ಕಲಿತವರನ್ನು ನಾನಂತೂ ನೋಡಿಲ್ಲ. ಪರ್ಸನಲ್ ಲೋನ್‌ಗಿಂತ, ಕ್ರೆಡಿಟ್ ಕಾರ್ಡಿಗಿಂತ ಇದು ಎಷ್ಟೋ ವಾಸಿ ಅನ್ನುವುದು ನಿಜ. ಆದರೆ ಎಫ್‌ಡಿ ಕೈಯಲ್ಲಿರುವವನು ಹೋಲಿಸಬೇಕಾದ್ದು ಕ್ರೆಡಿಟ್ ಕಾರ್ಡಿನ ಜೊತೆ ಅಲ್ಲ, ಆ ಎಫ್‌ಡಿ ಮುರಿಸುವುದರ ಜೊತೆ.

ಒಂದು ಮಾತು ಮಾತ್ರ ನಾನು ಒಪ್ಪುತ್ತೇನೆ. ನೀವು ಇಟ್ಟಾಗ ದರ ಜಾಸ್ತಿ ಇದ್ದು ಈಗ ಇಳಿದಿದ್ದರೆ, ಮುರಿಸಿ ಮಿಕ್ಕ ಎರಡು ಲಕ್ಷವನ್ನು ಮತ್ತೆ ಇಡುವಾಗ ಕಡಿಮೆ ಬಡ್ಡಿ ಸಿಗುತ್ತದೆ. ಆ ನಷ್ಟವನ್ನೂ ಮುರಿಸುವ ಕಡೆಗೆ ಸೇರಿಸಬೇಕು. ಅದಕ್ಕೇ ನಾನು ಯಾವತ್ತೂ ಐದು ಲಕ್ಷವನ್ನು ಒಂದೇ ಎಫ್‌ಡಿ ಮಾಡಬೇಡಿ, ಒಂದೊಂದು ಲಕ್ಷದ ಐದು ಮಾಡಿ ಅನ್ನುವುದು. ಮೂರು ಮುರಿಸಿದರೆ ಹೋಗುವುದು 7,500 ಅಲ್ಲ, 4,500. ಮಿಕ್ಕ ಎರಡು ಹಳೇ ದರದಲ್ಲೇ ಬೆಳೆಯುತ್ತಿರುತ್ತವೆ. ಫಾರಂ ಐದು ಸಲ ತುಂಬಬೇಕು ಅಷ್ಟೇ, ಈಗ ಅದೂ ಮೊಬೈಲಿನಲ್ಲೇ ಆಗುತ್ತದೆ.

ಇಷ್ಟೆಲ್ಲ ಕೊರೆಯುತ್ತಿರುವ ನಾನೇ ಒಂದು ಕಾಲದಲ್ಲಿ ಇದೇ ಕೆಲಸ ಮಾಡಿದ್ದೇನೆ. ಮನೆಯವರಿಗೂ ಹೇಳಿರಲಿಲ್ಲ. ಪೂರಾ ಮೂರು ವರ್ಷ ಎಫ್‌ಡಿ ಮೇಲಿನ ಓಡಿ ಇಟ್ಟುಕೊಂಡಿದ್ದೆ. ಬೇರೆಯವರಿಗೆ ಪೈಸೆ ಪೈಸೆ ಲೆಕ್ಕ ಹೇಳುವವಳಿಗೆ ತನ್ನ ಎಫ್‌ಡಿ ಮುರಿಸಲು ಕೈ ಬರಲಿಲ್ಲ. ಆ ಪದವೇ ಹಾಗಿದೆ ನೋಡಿ, ‘ಮುರಿಸು’. ಏನೋ ಕಟ್ಟಿದ್ದನ್ನು ಕೆಡವಿದ ಹಾಗೆ, ಸೋತ ಹಾಗೆ ಅನಿಸುತ್ತದೆ. ಸಾಲಕ್ಕೆ ಮಾತ್ರ ‘ಸೌಲಭ್ಯ’ ಅನ್ನುತ್ತಾರೆ. ಎಫ್‌ಡಿ ರಸೀದಿ ಬೀರುವಿನಲ್ಲಿ ಭದ್ರವಾಗಿದೆ ಅನ್ನುವ ಸಮಾಧಾನಕ್ಕೆ ನಾನು ಎಷ್ಟು ಕೊಟ್ಟೆ ಅಂತ ಕೊನೆಯಲ್ಲಿ ಕೂಡಿ ನೋಡಿದ ದಿನ ರಾತ್ರಿ ಊಟ ಸೇರಲಿಲ್ಲ. ಆ ಮೊತ್ತ ಇಲ್ಲಿ ಬರೆಯುವುದಿಲ್ಲ, ನನ್ನ ಹಳೇ ಕ್ಲೈಂಟುಗಳು ಓದುತ್ತಾರೆ.

ತಮ್ಮ ಮುಚ್ಚಳವನ್ನೇ ನೋಡುತ್ತಾ ಕೂತಿದ್ದ. "ಎರಡು ತಿಂಗಳು ಆಗಲೇ ಆಯ್ತಲ್ಲ ಅಕ್ಕಾ, ಈಗ ಮುರಿಸಿದರೆ ಎರಡೂ ಕಡೆ ಲಾಸ್ ಅಲ್ವಾ?" ಅಂದ. ಆ ಎರಡು ತಿಂಗಳ ಬಡ್ಡಿ ಹೋಯಿತು, ಏನು ಮಾಡಿದರೂ ವಾಪಸ್ ಬರುವುದಿಲ್ಲ. ಲೆಕ್ಕ ಇವತ್ತಿನಿಂದ ಹಾಕಬೇಕು. ಬ್ಯಾಂಕಿನಲ್ಲಿ ಒಂದೇ ಪ್ರಶ್ನೆ ಕೇಳು ಅಂದೆ: ಇವತ್ತು ಮುರಿಸಿದರೆ ಸಾಲ ತೀರಿಸಿಕೊಂಡು ನನ್ನ ಕೈಗೆ ಎಷ್ಟು ಕೊಡುತ್ತೀರಿ? ಏಳರ ಲೆಕ್ಕದಲ್ಲಿ, ಸಾಲ ಕಳೆದು, ಇವತ್ತಿಗೆ ಎಷ್ಟು ಸಿಗಬೇಕಿತ್ತೋ ಅದರಲ್ಲಿ ಅವರು ಹೇಳಿದ್ದನ್ನು ಕಳೆ, ಅದು ಮುರಿಸುವ ಬೆಲೆ. ಅದರಲ್ಲಿ ತೆರಿಗೆಯ ಪಾಲು ತೆಗೆದು 1,046ರಿಂದ ಭಾಗಿಸು. ಬಂದ ತಿಂಗಳುಗಳ ಒಳಗೆ ಸಾಲ ತೀರಿಸುವ ದುಡ್ಡು ಎಲ್ಲಿಂದಾದರೂ ಬರುತ್ತದೆ ಅಂತಿದ್ದರೆ ಸುಮ್ಮನಿರು, ಇಲ್ಲದಿದ್ದರೆ ನಾಳೆಯೇ ಹೋಗು.

ಇವತ್ತು ಮಧ್ಯಾಹ್ನ ಬ್ಯಾಂಕಿನ ಆ್ಯಪ್‌ನ ಸ್ಕ್ರೀನ್‌ಶಾಟ್ ಕಳಿಸಿದ್ದಾನೆ. ಈಗ ಮುರಿಸಿದರೆ ಎಷ್ಟು ಬರುತ್ತದೆ ಅನ್ನುವ ಪುಟ. ಕೆಳಗೆ ಒಂದೇ ಸಾಲು: "ಹೋಗ್ತಾ ಇದ್ದೀನಿ. ನನ್ನ ಹೆಂಡತಿಗೆ ಹೇಳಬೇಡಿ ಅಕ್ಕಾ, ಅವಳು ಮೊದಲೇ ಮುರಿಸಿ ಅಂದಿದ್ದಳು."