ಕಾಲು ಚಿಕ್ಕಪ್ಪನದು, ಒಪ್ಪಿಗೆ ಹೆಬ್ಬೆರಳಿನದು

ಚಿಕ್ಕಪ್ಪನ ಎಡಗಾಲು ಊದಿಕೊಂಡದ್ದು ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ. ಅದರ ವಿಡಿಯೊ ತಪಾಸಣೆಗೆ ಒಪ್ಪಿಗೆ ಕೊಟ್ಟದ್ದು ಬೆಂಗಳೂರಿನಲ್ಲಿದ್ದ ನನ್ನ ಹೆಬ್ಬೆರಳು. ಆ್ಯಪ್ ತೆರೆದೆ, ಇಂಗ್ಲಿಷಿನಲ್ಲಿ ಹದಿನೇಳು ಕಲಮುಗಳ ಒಪ್ಪಿಗೆ ಪತ್ರ ಬಂತು, ಸರ್ರನೆ ಕೆಳಗೆ ಜಾರಿಸಿ ಟಿಕ್ ಹಾಕಿದೆ. ಕಾಲಿನ ಯಜಮಾನರು ಆ ಹೊತ್ತಿಗೆ ಅಡಿಕೆ ಸುಲಿಯುವವರಿಗೆ ಕಾಫಿ ಹೇಳಲು ಹೋಗಿದ್ದರು.

ಪುರಸೊತ್ತಿನಲ್ಲಿ ಪತ್ರವನ್ನು ಓದಿದೆ. ಕರೆ ತುಂಡಾದರೆ ಕಂಪನಿ ಹೊಣೆಯಲ್ಲ, ಹಣ ವಾಪಸಿಲ್ಲ, ವ್ಯಾಜ್ಯವಿದ್ದರೆ ಇಂಥ ಊರಿನ ನ್ಯಾಯಾಲಯ. ವೈದ್ಯರು ಕಾಲನ್ನು ಮುಟ್ಟಿ ನೋಡಲಾರರು ಎಂಬ ಒಂದೇ ಒಂದು ಮಾತು ಹದಿನೇಳರಲ್ಲಿ ಎಲ್ಲಿಯೂ ಇಲ್ಲ. ಆ ಪತ್ರ ಬರೆದವರಿಗೆ ರೋಗಿಗಿಂತ ಕಂಪನಿಯ ಆರೋಗ್ಯದ ಚಿಂತೆ ಹೆಚ್ಚು.

ತಮಾಷೆಯೆಂದರೆ, 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಗೆ ಇಷ್ಟು ಉದ್ದದ ಪತ್ರ ಬೇಕಾಗಿಯೇ ಇಲ್ಲ. ರೋಗಿಯೇ ಕರೆ ಮಾಡಿದರೆ ಅದೇ ಒಪ್ಪಿಗೆ. ಮನೆಯವರೋ ಆರೋಗ್ಯ ಕಾರ್ಯಕರ್ತರೋ ವೈದ್ಯರೋ ಶುರುಮಾಡಿದರೆ ಮಾತ್ರ ರೋಗಿ ಸ್ಪಷ್ಟವಾಗಿ ಒಪ್ಪಬೇಕು. ಅದಕ್ಕೂ ‘ಈ ಬಗೆಯ ತಪಾಸಣೆಗೆ ನನ್ನ ಒಪ್ಪಿಗೆ ಇದೆ’ ಎಂದು ಕರೆಯಲ್ಲಿಯೇ ಹೇಳಿದರೆ ಸಾಕು, ವೈದ್ಯರು ಅದನ್ನು ದಾಖಲಿಸಿಕೊಳ್ಳುತ್ತಾರೆ. ಅಂದರೆ ಬೇಕಾಗಿದ್ದದ್ದು ಚಿಕ್ಕಪ್ಪನ ಬಾಯಿಯ ಒಂದು ವಾಕ್ಯ. ಅದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಪಡೆದುಕೊಂಡರು.

ಕರೆ ಆರು ನಿಮಿಷ ನಡೆಯಿತು. ಸಿಗ್ನಲ್ ಸಿಗುವುದು ಅಂಗಳದ ತುದಿಯ ಹಲಸಿನ ಮರದ ಬುಡದಲ್ಲಿ ಮಾತ್ರವಾದ್ದರಿಂದ ಚಿಕ್ಕಪ್ಪ ಅಲ್ಲಿ ಸ್ಟೂಲಿನ ಮೇಲೆ ಕಾಲು ಚಾಚಿ ಕೂತರು. ಅವರ ಮಗನ ಮೊಬೈಲ್ ಯಾವ ಚರ್ಮವನ್ನು ಕಂಡರೂ ನುಣುಪು ಮಾಡುವ ಗುಣದ್ದು. ಕೆಂಪಗೆ ಬಾತ ಕಾಲು ಪರದೆಯ ಮೇಲೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. "ಅಯ್ಯೋ, ಇದು ಮದುಮಗಳ ಕಾಲಿನ ಹಾಗಿದೆಯಲ್ಲ!" ಎಂದರು ಚಿಕ್ಕಪ್ಪ. ವೈದ್ಯರು "ಸ್ವಲ್ಪ ಊತ ಇದೆ" ಎಂದರು. ಹತ್ತು ನಿಮಿಷದಲ್ಲಿ ಔಷಧಿ ಚೀಟಿ ಬಂತು. ಆಂಟಿಬಯಾಟಿಕ್, ನೋವಿನ ಮಾತ್ರೆ, ಕೊನೆಯಲ್ಲಿ ಮುಂದಿನ ಸಲಹೆ: ‘Review SOS’. ಅಗತ್ಯ ಬಿದ್ದರೆ ಮತ್ತೆ ತೋರಿಸಿ ಎಂದು ಅರ್ಥ. ಆ ಅಗತ್ಯ ಯಾವುದು, ಯಾವಾಗ, ಯಾರಿಗೆ ತೋರಿಸಬೇಕು ಎಂಬುದು ಮಾತ್ರ ಗುಟ್ಟು. ಚಿಕ್ಕಪ್ಪ ಕೂಡಿಸಿಕೊಂಡು ಓದಿ, "ಮಾತ್ರೆಯನ್ನು ಅರೆದು ಸೋಸಿ ಕುಡಿಯಬೇಕೇನೋ?" ಎಂದು ಫೋನು ಮಾಡಿದರು.

ಇಷ್ಟಕ್ಕೂ ಪ್ರಾಮಾಣಿಕವಾದ ಮಾತು ಅರ್ಧ ನಿಮಿಷವೂ ಹಿಡಿಯುವುದಿಲ್ಲ. "ನಾನು ಡಾಕ್ಟರ್ ಇಂಥವರು, ನನ್ನ ನೋಂದಣಿ ಸಂಖ್ಯೆ ಇಷ್ಟು. ನಿಮ್ಮ ಕಾಲು ನನಗೆ ಕಾಣುತ್ತದೆ, ಆದರೆ ಬಣ್ಣವನ್ನು ನಂಬಲಾರೆ. ಬಿಸಿಯಿದೆಯೇ, ಪಾದದಲ್ಲಿ ನಾಡಿ ಬಡಿಯುತ್ತಿದೆಯೇ ಎಂದು ಇಲ್ಲಿಂದ ತಿಳಿಯದು. ಒಂದೇ ಕಾಲು ಊದಿದರೆ ಚರ್ಮದ ಸೋಂಕೂ ಆಗಿರಬಹುದು, ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದೂ ಆಗಿರಬಹುದು. ಎರಡನ್ನೂ ವಿಡಿಯೊದಲ್ಲಿ ಬೇರೆ ಮಾಡಲು ನನ್ನಿಂದಾಗದು. ನಿಮಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಆದ್ದರಿಂದ ಇವತ್ತೇ ಯಾರಾದರೂ ಮುಟ್ಟಿ ನೋಡಬೇಕು. ಇಷ್ಟು ತಿಳಿದೂ ಮಾತು ಮುಂದುವರಿಸಲು ಒಪ್ಪುತ್ತೀರಾ?" ಹೀಗೆ ಹೇಳಿದರೆ ಅರ್ಧ ಜನ ಫೋನಿಟ್ಟು ಬಸ್ಸು ಹತ್ತುತ್ತಾರೆ. ವ್ಯಾಪಾರಕ್ಕೆ ಅದು ಆಗಿಬರುವುದಿಲ್ಲ.

ಚೀಟಿಯ ಕೊನೆಗೂ ನಾಲ್ಕು ಸಾಲು ಕನ್ನಡ ಸಾಕಾಗಿತ್ತು. ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆಯಿರಿ, ಪಕ್ಕದಲ್ಲಿ ಗಂಟೆ ಬರೆಯಿರಿ. ಕೆಂಪು ಗೆರೆ ದಾಟಿದರೆ, ಜ್ವರ ಬಂದರೆ, ಗುಳ್ಳೆಯೆದ್ದರೆ ನಾಳೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ನನ್ನನ್ನು ಹುಡುಕಬೇಡಿ, 108ಕ್ಕೆ ಕರೆ ಮಾಡಿ.

ಗೆರೆ ಎಳೆದದ್ದು ಕೊನೆಗೆ ಪಕ್ಕದ ಮನೆಯ ನಿವೃತ್ತ ನರ್ಸಮ್ಮ. ಸಂಜೆ ಆರಕ್ಕೆ ಎಳೆದ ಗೆರೆಯನ್ನು ಕೆಂಪು ಬೆಳಗಿನ ಹೊತ್ತಿಗೆ ಎರಡು ಬೆರಳಗಲ ದಾಟಿತ್ತು. ತಾಲ್ಲೂಕು ಆಸ್ಪತ್ರೆಯ ಯುವ ವೈದ್ಯೆ ದರ್ಜಿಯ ಟೇಪು ಹಿಡಿದು, ಮೊಣಕಾಲಿನ ಕೆಳಗೆ ಒಂದೇ ಎತ್ತರದಲ್ಲಿ ಎರಡೂ ಮೀನಖಂಡಗಳ ಸುತ್ತಳತೆ ತೆಗೆದರು. ವ್ಯತ್ಯಾಸ ನಾಲ್ಕು ಸೆಂಟಿಮೀಟರ್. ಮೂರು ದಾಟಿದರೆ ಹೆಪ್ಪಿನ ಗುಮಾನಿ ಬಲವಾಗುತ್ತದೆಯಂತೆ. ಶಿವಮೊಗ್ಗಕ್ಕೆ ಕಳಿಸಿ ಡಾಪ್ಲರ್ ಸ್ಕ್ಯಾನ್ ಮಾಡಿಸಿದರು. ಪುಣ್ಯಕ್ಕೆ ಹೆಪ್ಪು ಇರಲಿಲ್ಲ, ಸೋಂಕು ಮಾತ್ರ. ಐದು ದಿನ ಸೂಜಿ ಚುಚ್ಚಿಸಿಕೊಂಡರು.

ಮೂರನೆಯ ದಿನ ವಾರ್ಡಿನಲ್ಲಿ ಕೂತಿದ್ದಾಗ ನನ್ನ ಮೊಬೈಲಿಗೆ ಆ್ಯಪಿನಿಂದ ಸಂದೇಶ: ನಿಮ್ಮ ತಪಾಸಣೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ಈ ಸಲ ಯಜಮಾನರನ್ನೇ ಕೇಳೋಣವೆಂದು ಮೊಬೈಲನ್ನು ಚಿಕ್ಕಪ್ಪನ ಮುಂದೆ ಹಿಡಿದೆ. ಅವರು ಕಾಲಿನ ಕಡೆ ನೋಡಿದರು, ನನ್ನ ಹೆಬ್ಬೆರಳಿನ ಕಡೆ ನೋಡಿದರು.

"ಹಗಲಿನಲ್ಲಿ ಕಂಡವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ, ಕೇಳು" ಎಂದರು.